ಫೋನ್‌ಪೇಗೆ ಬಂದದ್ದೆಲ್ಲ ವ್ಯಾಪಾರ ಅಲ್ಲ

ಇಟಗಿ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಆ ಕಲ್ಲಿನ ದೊಡ್ಡ ಗುಡಿ ಇರೋ ಊರಾ ಅಂತ ಕೇಳ್ತಾರೆ. ಅದಲ್ಲ. ಮಹಾದೇವ ದೇವಾಲಯದ ಇಟಗಿ ಕೊಪ್ಪಳ ಜಿಲ್ಲೆಯದು. ನಮ್ಮದು ಗದಗ ಜಿಲ್ಲೆಯ ಇಟಗಿ, ಭೀಮಾಂಬಿಕೆಯ ಇಟಗಿ. ಸುತ್ತ ಎರೆಹೊಲ, ಕಡಲೆ, ಜೋಳ, ಉಳ್ಳಾಗಡ್ಡಿ. ನಡುವೆ ಊರು, ಊರಿನ ನಡುವೆ ಒಂದಿಷ್ಟು ಸಣ್ಣ ಅಂಗಡಿ. ಅವುಗಳಲ್ಲಿ ಆರು ಅಂಗಡಿಗಳ ತಿಂಗಳ ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲಿದೆ. ಒಂದು ಕಿರಾಣಿ, ಒಂದು ಖಾನಾವಳಿ, ಒಬ್ಬ ಟೇಲರ್, ಒಂದು ಮೊಬೈಲ್ ರಿಪೇರಿ, ಒಂದು ಹಿಟ್ಟಿನ ಗಿರಣಿ, ಒಂದು ಬಳೆ ಅಂಗಡಿ. ಕಿರಾಣಿಯವರು ತಿಂಗಳಿಗೆ 900 ಕೊಡ್ತಾರೆ, ಖಾನಾವಳಿಯವರು 700, ಉಳಿದ ನಾಲ್ವರು 400ರಂತೆ. ಒಟ್ಟು 3,200. ನಿಮ್ಮ ಊರಲ್ಲಿ ಇದು ಶನಿವಾರ ರಾತ್ರಿಯ ಒಂದು ಬಿಲ್ಲು ಅನ್ನೋದು ಗೊತ್ತು.

ಮೊದಲು ಈ ರೇಟಿನ ಬಗ್ಗೆ ಒಂದು ಮಾತು. ಒಂದು ಎಂಟ್ರಿಗೆ ಇಷ್ಟು ಅಂತ ದರ ಇಟ್ಟರೆ ನ್ಯಾಯ ಅನ್ನಿಸುತ್ತೆ. ಆದರೆ ಹಾಗೆ ಮಾಡಿದ ಮರುದಿನದಿಂದಲೇ ಚೀಟಿಗಳು ಕಡಿಮೆಯಾಗ್ತವೆ. ಅಂಗಡಿಯವರು ಸಣ್ಣ ಖರ್ಚು ಬರೆಯೋದು ಬಿಡ್ತಾರೆ, "ಅದೇನ ಬಿಡು ಇಪ್ಪತ್ತ ರೂಪಾಯಿ" ಅಂತ. ನಮಗೆ ಬೇಕಾಗಿರೋದೇ ಆ ಇಪ್ಪತ್ತು ರೂಪಾಯಿ. ಅದಕ್ಕೇ ತಿಂಗಳಿಗೆ ಇಷ್ಟು ಅಂತ ಗಟ್ಟಿ ಮಾಡಿಕೊಂಡೆ. ಹತ್ತು ಚೀಟಿ ತಂದರೂ ಅಷ್ಟೇ, ಸಾವಿರ ತಂದರೂ ಅಷ್ಟೇ. ಯಾರಿಗೆ ಎಷ್ಟು ಅನ್ನೋದನ್ನು ವ್ಯಾಪಾರ ನೋಡಿ ಇಟ್ಟಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತಿಂಗಳಿಗೆ ಎಷ್ಟು ಸಾಲು ಬರ್ತವೆ ಅನ್ನೋದು ನೋಡಿ ಇಟ್ಟದ್ದು. ಟೇಲರಿಗೆ ಅರವತ್ತು ಸಾಲು. ಕಿರಾಣಿಗೆ ಸಾವಿರದ ಮೇಲೆ.

ಆ ಕಿರಾಣಿ ಅಂಗಡಿಯ ಕಥೆಯನ್ನೇ ಹೇಳ್ತೀನಿ. ಈ ಕೆಲಸದ ಕಷ್ಟವೆಲ್ಲ ಅಲ್ಲೇ ಇದೆ.

ಸಣ್ಣ ಅಂಗಡಿಯಲ್ಲಿ ಇವತ್ತು ಎಷ್ಟು ವ್ಯಾಪಾರ ಆಯ್ತು ಅನ್ನೋದು ಯಾರಿಗೂ ಗೊತ್ತಿರೋದಿಲ್ಲ. ಬಿಲ್ಲಿನ ಮಶೀನ್ ಇಲ್ಲ. ಕಾಲು ಕೆಜಿ ಸಕ್ಕರೆ, ಎರಡು ಶಾಂಪೂ ಚೀಟಿ, ಒಂದು ಕಡ್ಡಿಪೆಟ್ಟಿಗೆ, ಯಾರು ಬರೀತಾರೆ? ಹಾಗಾಗಿ ನಗದು ಮಾರಾಟವನ್ನು ಬರೆಯೋದಲ್ಲ, ಹಿಂದಿನಿಂದ ಕಂಡುಹಿಡಿಯೋದು. ಬೆಳಿಗ್ಗೆ ಗಲ್ಲಾದಲ್ಲಿ ಎಷ್ಟಿತ್ತು, ರಾತ್ರಿ ಎಷ್ಟಿದೆ, ನಡುವೆ ಏನೇನು ಹೊರಗೆ ಹೋಯ್ತು. ಇವಿಷ್ಟು ಗೊತ್ತಾದರೆ ಮಾರಾಟ ತಾನೇ ಹೊರಬೀಳುತ್ತೆ. ಇದು ಹಳೇ ಕಾಲದ ಕಿರ್ದಿಯ ಬುದ್ಧಿಯೇ, ನನ್ನದೇನಲ್ಲ.

ಒಂದು ಸಂತೆ ದಿನದ ಲೆಕ್ಕ ನೋಡಿ. ಬೆಳಿಗ್ಗೆ ಗಲ್ಲಾದಲ್ಲಿ 1,500. ರಾತ್ರಿ ಎಣಿಸಿದಾಗ 3,850. ಕಾಕಾ (ಅಂಗಡಿಯವರನ್ನು ನಾನು ಹಾಗೇ ಕರೆಯೋದು) ಹೇಳಿದ್ದು: "ಇವತ್ತ ಎರಡ ಸಾವಿರದ ಮ್ಯಾಲ ಒಂದೀಟ ಆಗೇತಿ." ಎರಡನ್ನೂ ಕಳೆದರೆ 2,350 ಬರುತ್ತಲ್ಲ, ಅದನ್ನೇ ಅವರು ವ್ಯಾಪಾರ ಅಂದುಕೊಂಡಿದ್ದರು. ನಾನು ಒಂದೊಂದಾಗಿ ಕೇಳಿದೆ. ಬ್ರೆಡ್ಡು ಬಿಸ್ಕೀಟಿನ ಗಾಡಿಯವನಿಗೆ ಕೊಟ್ಟದ್ದು 1,240. ಟಂಟಂ ಬಾಡಿಗೆ 200. ಮನೆಗೆ ಕಾಯಿಪಲ್ಯೆ 300, ಮಗನ ಫೀಸು 2,000. ಇಷ್ಟು ಹೇಳಿ ಸುಮ್ಮನಾದರು. "ಮತ್ತ ಯಾರಿಗರೆ ರೊಕ್ಕಾ ಕೊಟ್ಟೀರೇನ್ರಿ?" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಹೂಂ, ಆ ಮುದುಕಿ ಮೊಮ್ಮಗ ಫೋನ್‌ಪೇ ಹಾಕಿದ್ದ, ಎರಡ ಸಾವಿರ ಕೈಯಾಗ ಕೊಟ್ನೆಲ್ಲ" ಅಂದರು. ಹೊರಗೆ ಹೋದದ್ದು ಒಟ್ಟು 5,740. ಇನ್ನು ಒಳಗೆ ಬಂದದ್ದರಲ್ಲಿ 900 ಹಳೇ ಉದ್ರಿ ವಸೂಲಿ, ಅದು ಇವತ್ತಿನ ಮಾರಾಟವಲ್ಲ. ಲೆಕ್ಕ ಹಾಕಿದರೆ ಆ ದಿನದ ನಗದು ಮಾರಾಟ 7,190.

ಶೀಟಿನಲ್ಲಿ ಇದು ಒಂದೇ ಸಾಲು. B ಬೆಳಗಿನ ಗಲ್ಲಾ, C ರಾತ್ರಿಯ ಗಲ್ಲಾ, D ಖರೀದಿಗೆ ಕೊಟ್ಟದ್ದು, E ಅಂಗಡಿ ಖರ್ಚು, F ಮನೆಗೆ ಒಯ್ದದ್ದು, G ಫೋನ್‌ಪೇ ಹಾಕಿಸಿಕೊಂಡು ಕೈಗೆ ಕೊಟ್ಟದ್ದು, H ಬ್ಯಾಂಕಿಗೆ ಕಟ್ಟಿದ್ದು, I ನಗದಿನಲ್ಲಿ ಬಂದ ಉದ್ರಿ.

```
=C12-B12+SUM(D12:H12)-I12
```

ಇದರಲ್ಲಿ F ಮತ್ತು G ಕಾಲಮ್ ಖಾಲಿ ಬಿಟ್ಟರೆ 7,190 ಇದ್ದದ್ದು 2,890 ಆಗುತ್ತೆ. ಅಂಗಡಿಯ ವಹಿಗಳು ಹಾಳಾಗೋದು ಕಳ್ಳತನದಿಂದಲ್ಲ, ಈ ಎರಡು ಕಾಲಮ್‌ಗಳಿಂದ. ಮನೆಗೆ ಒಯ್ದದ್ದನ್ನು ಖರ್ಚು ಅಂತ ಯಾರೂ ಎಣಿಸೋದಿಲ್ಲ, ಅದು ತಮ್ಮದೇ ರೊಕ್ಕ ತಾನೆ. ಕೈಗೆ ಕೊಟ್ಟದ್ದು ವಾಪಸ್ ಮೊಬೈಲಿಗೆ ಬಂದಿರುತ್ತೆ, ಹಾಗಾಗಿ ಹೋಯ್ತು ಅಂತಲೇ ಅನ್ನಿಸೋದಿಲ್ಲ.

ಇನ್ನು ಮೊಬೈಲಿನ ಕಡೆ ಬರೋಣ. ಅದೇ ದಿನ ಕ್ಯೂಆರ್‌ನಲ್ಲಿ ಬಂದದ್ದು 5,600. ಅದರಲ್ಲಿ ಆ ಮೊಮ್ಮಗ ಹಾಕಿದ 2,000 ಇದೆ. ಯಾರೋ ಹಳೇ ಉದ್ರಿ ತೀರಿಸಿದ 700 ಇದೆ. ಮಾರಾಟ ಉಳಿದದ್ದು 2,900. ಅವತ್ತು ಹೊಸದಾಗಿ ಉದ್ರಿ ಕೊಟ್ಟ ಸಾಮಾನು 1,350. ದುಡ್ಡು ಬಂದಿಲ್ಲದಿದ್ದರೂ ಇದು ಅವತ್ತಿನ ಮಾರಾಟವೇ. ಮೂರೂ ಸೇರಿಸಿದರೆ ಆ ಸಂತೆ ದಿನದ ವ್ಯಾಪಾರ 11,440. "ಎರಡ ಸಾವಿರದ ಮ್ಯಾಲ ಒಂದೀಟ" ಅಂದವರಿಗೆ ಇದನ್ನು ತೋರಿಸಿದಾಗ ಅವರು ಖುಷಿ ಪಡಲಿಲ್ಲ. "ಹಂಗಾದ್ರ ರೊಕ್ಕಾ ಎಲ್ಲಿ ಹೋತು?" ಅಂದರು. ಹತ್ತು ಜನ ಅಂಗಡಿಯವರಿಗೆ ತೋರಿಸಿದರೆ ಹತ್ತೂ ಜನ ಕೇಳೋದು ಅದನ್ನೇ.

ಕೈಗೆ ಕೊಟ್ಟ ಆ 2,000ದಲ್ಲಿ ಒಂದು ಸೂಕ್ಷ್ಮ ಇದೆ. ಅದನ್ನು ಎಲ್ಲೂ ಬರೆಯದೇ ಬಿಟ್ಟರೆ ಮೊಬೈಲಿನ ಮಾರಾಟ 2,000 ಹೆಚ್ಚಾಗಿ ಕಾಣುತ್ತೆ, ಗಲ್ಲಾದ ಮಾರಾಟ 2,000 ಕಡಿಮೆ ಕಾಣುತ್ತೆ. ಒಟ್ಟು ಸರಿಯಾಗೇ ಬರುತ್ತೆ! ಹಾಗಾಗಿ ತಪ್ಪು ಸಿಗೋದೇ ಇಲ್ಲ. ಸಿಗೋದು ಒಂದು ಕಡೆ ಮಾತ್ರ ತಿದ್ದಿದಾಗ. ಬ್ಯಾಂಕಿನ ಸಾಲಿನಲ್ಲಿ "ಇದು ಮಾರಾಟ ಅಲ್ಲ" ಅಂತ ಗುರುತು ಹಾಕಿ, ಗಲ್ಲಾದ ಸಾಲಿನಲ್ಲಿ G ಕಾಲಮ್ ತುಂಬದೇ ಬಿಟ್ಟರೆ, ಅಂಗಡಿಯ ವ್ಯಾಪಾರದಿಂದ 2,000 ಮಾಯ. ಎರಡೂ ಕಡೆ ಬರೆಯಬೇಕು, ಇಲ್ಲ ಎರಡೂ ಕಡೆ ಬಿಡಬೇಕು. ತಿಂಗಳ ಕೊನೆಗೆ G ಕಾಲಮ್‌ನ ಮೊತ್ತ ಮತ್ತು ಬ್ಯಾಂಕ್ ಶೀಟಿನಲ್ಲಿ "ಕೈಬದಲಿ" ಅಂತ ಗುರುತಿಸಿದ ಮೊತ್ತ ಒಂದೇ ಇದೆಯಾ ಅಂತ ನೋಡೋದು ನನ್ನ ಮೊದಲ ಕೆಲಸ.

ತಿಂಗಳಿಗೆ ಸಾವಿರದ ಮೇಲೆ ಸಾಲು ಇದ್ದಾಗ ಒಂದೊಂದನ್ನೂ ಕೇಳಲಿಕ್ಕೆ ಆಗೋದಿಲ್ಲ. ಸ್ಟೇಟ್‌ಮೆಂಟಿನಲ್ಲಿ ಹೆಸರು, ಮೊತ್ತ ಇರುತ್ತೆ; ಯಾಕೆ ಹಾಕಿದರು ಅನ್ನೋದು ಇರೋದಿಲ್ಲ. ಆದರೆ ಕಿರಾಣಿ ಬಿಲ್ಲಿಗೆ ಒಂದು ಸ್ವಭಾವ ಇದೆ. ಅದು 347 ಆಗಿರುತ್ತೆ, 86 ಆಗಿರುತ್ತೆ. ಸರಿಯಾಗಿ 1,000 ಆಗೋದು ಅಪರೂಪ. ನಗದು ಬೇಕಾಗಿ ಫೋನ್‌ಪೇ ಹಾಕೋರು ಮಾತ್ರ 500, 1,000, 2,000 ಅಂತ ಗುಂಡಗೆ ಹಾಕ್ತಾರೆ. ಮೂರು ಸಾವಿರ ಮೀರಿದ್ದು ಹೆಚ್ಚಾಗಿ ಮನೆ ವ್ಯವಹಾರದ್ದು. ಇಷ್ಟು ಸಾಕು ಒಂದು ಜರಡಿ ಮಾಡಲಿಕ್ಕೆ.

```
=IF(OR(E2>3000,AND(E2>=500,MOD(E2,100)=0)),"ಕೇಳು","ಮಾರಾಟ")
```

"ಕೇಳು" ಅಂತ ಬಂದದ್ದು ವಾರಕ್ಕೆ ಮೂವತ್ತೋ ನಲವತ್ತೋ ಇರುತ್ತೆ. ಅವನ್ನು ವಾರದೊಳಗೇ ಕೇಳಬೇಕು. ತಿಂಗಳಾದ ಮೇಲೆ ಕೇಳಿದರೆ ಕಾಕಾ ಎಲ್ಲದಕ್ಕೂ "ವ್ಯಾಪಾರದ್ದ ಇರಬೇಕ ಹಾಕ್ಬಿಡು" ಅಂತಾರೆ. ಸಣ್ಣ ಮೊತ್ತದಲ್ಲಿ ತೀರಿಸಿದ ಉದ್ರಿ ಈ ಜರಡಿಯಲ್ಲಿ ಸಿಗೋದಿಲ್ಲ. ಅದಕ್ಕೆ ಉದ್ರಿ ಪಟ್ಟಿಯ ಫೋಟೋ ಪಕ್ಕಕ್ಕಿಟ್ಟುಕೊಂಡು ಹೆಸರು ಹೊಂದಿಸೋದೊಂದೇ ದಾರಿ. ಹೊಂದಿಸದಿದ್ದರೆ ಒಂದೇ ಸಾಮಾನನ್ನು ಎರಡು ಸಲ ಮಾರಿದಂತೆ ಆಗುತ್ತೆ, ಕೊಟ್ಟ ದಿನ ಒಮ್ಮೆ, ದುಡ್ಡು ಬಂದ ದಿನ ಇನ್ನೊಮ್ಮೆ.

ಇದೆಲ್ಲ ಬರೀ ಶೀಟಿನ ಚಪಲ ಅಂತ ಕಾಕಾ ಅಂದುಕೊಂಡಿದ್ದರು, 2025ರ ಜುಲೈವರೆಗೂ. ಆ ತಿಂಗಳು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನಿಮಗೆ ನೆನಪಿರಬೇಕು. 2021-22ರಿಂದ ಹಿಡಿದು ಲೆಕ್ಕ ಕೇಳಿತ್ತು. ನಿಮ್ಮ ಬೀದಿಯ ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕಿತ್ತು "ನಗದು ಮಾತ್ರ" ಅಂತ ಬೋರ್ಡು ಹಾಕಿದ್ದು ಆಗಲೇ. ಆ ತಿಂಗಳ ಕೊನೆಯ ವಾರಗಳಲ್ಲಿ ಮುಖ್ಯಮಂತ್ರಿ ವ್ಯಾಪಾರಿಗಳ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡೋದಿಲ್ಲ, ಆದರೆ ಮಿತಿ ಮೀರಿದವರು ನೋಂದಣಿ ಮಾಡಿಸಬೇಕು ಅಂತ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಇಟಗಿಗೆ ನೋಟಿಸ್ ಬರಲಿಲ್ಲ, ಹೆದರಿಕೆ ಬಂತು.

ಕಾಕಾ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದಿದ್ದರು. 2024-25ರಲ್ಲಿ ಖಾತೆಗೆ ಬಂದದ್ದು 24,60,000. ಸಾಮಾನು ಮಾರೋರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ಅನ್ನೋದು ಟಿವಿ ನೋಡಿ ತಿಳಿದಿತ್ತು. "ಇಪ್ಪತ್ತನಾಲ್ಕ ಐತಿ. ನಲವತ್ತರ ಒಳಗ ಅದೀವಿ. ಏನೂ ಆಗೂದಿಲ್ಲ ತಗೋ" ಅಂತ ತಾವೇ ತೀರ್ಮಾನ ಕೊಟ್ಟು, ಮತ್ತೆ ನನ್ನ ಮುಖ ನೋಡಿದರು.

ಆ ಸಂಖ್ಯೆ ಎರಡೂ ಕಡೆ ಸುಳ್ಳು ಹೇಳುತ್ತಿತ್ತು. ಮೊದಲು ಕಳೆಯೋದನ್ನು ಕಳೆದೆವು. ಕೈಬದಲಿ 7,90,000. ಹೊಲದ ಕಡಲೆ ಮಾರಿದ್ದು ಮತ್ತು ಪುಣೆಯಲ್ಲಿರೋ ತಮ್ಮ ಮನೆಗೆ ಕಳಿಸಿದ್ದು ಸೇರಿ 3,40,000. ಬೆಳೆಸಾಲ 1,00,000. ಉದ್ರಿ ವಸೂಲಿ 1,60,000. ಇವಿಷ್ಟು ಹೋದ ಮೇಲೆ ಮೊಬೈಲಿನಲ್ಲಿ ಬಂದ ನಿಜವಾದ ಮಾರಾಟ 10,70,000 ಮಾತ್ರ. ಕಾಕಾನ ಮುಖ ಅರಳಿತು. ಆದರೆ ಅಲ್ಲಿಗೆ ನಿಲ್ಲಿಸುವಂತಿಲ್ಲ. ಕಾನೂನು ಕೇಳೋದು ಒಟ್ಟು ವ್ಯಾಪಾರ, ದುಡ್ಡು ಯಾವ ದಾರಿಯಲ್ಲಿ ಬಂತು ಅಂತಲ್ಲ. ಗಲ್ಲಾಕ್ಕೆ ಬಂದ ನಗದು ಮಾರಾಟ 19,20,000. ಉದ್ರಿ ಕೊಟ್ಟ ಸಾಮಾನು 4,40,000. ಒಟ್ಟು 34,30,000. ಜಿಎಸ್‌ಟಿ ಇಲ್ಲದ ಬಿಡಿ ಅಕ್ಕಿ, ಬಿಡಿ ಬೇಳೆ ಮಾರಿದ್ದೂ ಈ ಮಿತಿಯ ಲೆಕ್ಕದಲ್ಲಿ ಸೇರುತ್ತೆ. ಮಿತಿ ಲೆಕ್ಕ ಹಾಕೋದು ಪ್ಯಾನ್ ಮೇಲೆ. ಅದೇ ಪ್ಯಾನಿನಲ್ಲಿ ಇನ್ನೊಂದು ಧಂದೆ ಇದ್ದರೆ ಅದೂ ಕೂಡುತ್ತೆ.

ಈ 34 ಲಕ್ಷವನ್ನು ನಂಬಬಹುದಾ ಅಂತ ನನಗೂ ಬೇಕಿತ್ತು. ಯಾಕಂದರೆ ಗಲ್ಲಾದ ಲೆಕ್ಕ ನಿಂತಿರೋದು ಕಾಕಾನ ನೆನಪಿನ ಮೇಲೆ. ಅದಕ್ಕೆ ಇನ್ನೊಂದು ಬಾಗಿಲಿನಿಂದ ಹೋಗಿ ನೋಡಬೇಕು. ಹೋಲ್‌ಸೇಲ್ ಅಂಗಡಿಗಳ ಬಿಲ್ಲು ಕೂಡಿಸಿದರೆ ವರ್ಷದ ಖರೀದಿ 31,10,000. ಮಾರ್ಚ್ ಕೊನೆಗೆ ಚೀಲ, ಡಬ್ಬಿ, ಪೆಟ್ಟಿಗೆ ಎಣಿಸಿದಾಗ ಅಂಗಡಿಯಲ್ಲಿದ್ದ ಮಾಲು ಹಿಂದಿನ ವರ್ಷಕ್ಕಿಂತ 30,000 ಹೆಚ್ಚಿತ್ತು. ಅಂದರೆ ಮಾರಿಹೋದ ಮಾಲಿನ ಅಸಲು 30,80,000. ಮಾರಿದ್ದು 34,30,000. ನಡುವಿನ ಅಂತರ 3,50,000, ಮಾರಾಟದ ನೂರಕ್ಕೆ ಹತ್ತರ ಆಸುಪಾಸು. ಸಕ್ಕರೆ, ಎಣ್ಣೆಯಲ್ಲಿ ನೂರಕ್ಕೆ ಮೂರ್ನಾಲ್ಕು, ಬಿಸ್ಕೀಟು ಸೋಪಿನಲ್ಲಿ ಹತ್ತು, ಮಸಾಲೆ ಪೊಟ್ಟಣದಲ್ಲಿ ಇನ್ನೂ ಜಾಸ್ತಿ ಸಿಗೋ ಈ ಅಂಗಡಿಗೆ ಅದು ಹೊಂದುತ್ತೆ. ಒಂದು ವೇಳೆ ನೂರಕ್ಕೆ ಮೂರು ಅಂತ ಬಂದಿದ್ದರೆ ಗಲ್ಲಾದಿಂದ ಹೋದ ಏನೋ ಬರೆದಿಲ್ಲ ಅಂತ ಅರ್ಥ. ಇಪ್ಪತ್ತು ಅಂತ ಬಂದರೆ ಖರೀದಿ ಬಿಲ್ಲು ಕಳೆದಿವೆ, ಇಲ್ಲಾ ಉದ್ರಿ ಎರಡು ಸಲ ಕೂಡಿದೆ.

"ಅಂದ್ರ ನಲವತ್ತಕ್ಕ ಇನ್ನ ಐದೂವರಿ ಲಕ್ಷ ಅಷ್ಟ?" ಅಂದರು ಕಾಕಾ. ಹೌದು. ವ್ಯಾಪಾರ ನೂರಕ್ಕೆ ಹದಿನೇಳು ಹೆಚ್ಚಿದರೆ ಗಡಿ. ಸ್ವಲ್ಪ ಹೊತ್ತು ತಕ್ಕಡಿಯ ಬಟ್ಟು ಜೋಡಿಸುತ್ತಾ ಕೂತರು. ಆಮೇಲೆ ಅಂದರು: "ತಮ್ಮಾ, ಗಲ್ಲಾದ್ದು ಯಾರಿಗೆ ಕಾಣಸ್ತೈತಿ? ಅದನ್ನ ಬರೀಬ್ಯಾಡ ಬಿಡು."

ಇದೇ ಕಾಕಾ ಎರಡು ತಿಂಗಳ ಹಿಂದೆ, ಫ್ರಿಜ್ ತಗೊಂಡು ತಂಪು ಪಾನೀಯ ಇಡಬೇಕು, ಎರಡು ಲಕ್ಷ ಮುದ್ರಾ ಸಾಲ ಬೇಕು, ವ್ಯಾಪಾರ ಚಲೋ ತೋರಿಸಿಕೊಡು ಅಂತ ಕೇಳಿದ್ದರು. ಬ್ಯಾಂಕಿಗೆ ಒಂದು ಶೀಟು, ತೆರಿಗೆಗೆ ಒಂದು ಶೀಟು. ತಿಂಗಳಿಗೆ 900 ಕೊಡೋರು ಕೇಳಿದರೆ ಇಲ್ಲ ಅನ್ನೋದು ಸುಲಭವಲ್ಲ, ಅದೂ ಸಣ್ಣವನಿದ್ದಾಗ ಪೆಪ್ಪರಮೆಂಟು ಪುಕ್ಕಟೆ ಕೊಟ್ಟ ಕೈ. ಆದರೂ ಹೇಳಿದೆ: "ಕಾಕಾ, ಫೈಲ್ ಒಂದ ಇರ್ತೈತ್ರಿ. ಗಲ್ಲಾ ತಗದ್ರ ನೀವು ಮೂವತ್ತೊಂದ ಲಕ್ಷದ ಮಾಲು ತಂದು ಹದಿನೈದಕ್ಕ ಮಾರಿದಂಗ ಆಗ್ತೈತಿ. ಆ ಮಾಲಿನ ಬಿಲ್ಲು ಹೋಲ್‌ಸೇಲ್‌ನವ್ರ ಕಡೆನೂ ಅದಾವ." ಇದು ನೀತಿಪಾಠವಾಗಿ ಹೇಳಿದ್ದಲ್ಲ, ಲೆಕ್ಕವಾಗಿ ಹೇಳಿದ್ದು. ಅವರಿಗೆ ತಾಗಿದ್ದೂ ಲೆಕ್ಕವೇ. ಜೊತೆಗೆ ಇನ್ನೊಂದು ಮಾತು: ನಿಜವಾದ ಸಂಖ್ಯೆ ಮಿತಿಯ ಒಳಗೇ ಇದೆ, ಮುಚ್ಚಿಡಲಿಕ್ಕೆ ಕಾರಣವೇ ಇಲ್ಲ. ಮೀರಿದರೂ ಆಕಾಶ ಬೀಳೋದಿಲ್ಲ. ಮೀರಿದ ಮೂವತ್ತು ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ರಾಜಿ ತೆರಿಗೆ ಪದ್ಧತಿ ಆರಿಸಿಕೊಂಡರೆ ತೆರಿಗೆ ಇರೋ ಸಾಮಾನಿನ ಮಾರಾಟದ ಮೇಲೆ ನೂರಕ್ಕೆ ಒಂದು ರೂಪಾಯಿ. ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಲಾಭದಿಂದಲೇ ಹೋಗುತ್ತೆ. ನೂರಕ್ಕೆ ಹತ್ತು ಸಿಗೋ ಕಡೆ ಒಂದು ಹೋಗೋದು ಸಣ್ಣದಲ್ಲ, ಒಪ್ಪುತ್ತೇನೆ. ಅರ್ಜಿ, ರಿಟರ್ನ್ ನನ್ನ ಕೆಲಸವಲ್ಲ ಅಂತಲೂ ಮೊದಲೇ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ಅದಕ್ಕೆ ಗದಗಿನ ತೆರಿಗೆ ಸಲಹೆಗಾರರು, ಅವರ ಫೀಸು ಬೇರೆ.

ಆ ವಾರ ನಿಜವಾಗಿ ಹೆದರಬೇಕಾಗಿದ್ದವರು ಖಾನಾವಳಿಯ ಅಕ್ಕ. ಅವರ ಖಾತೆಗೆ ಬಂದದ್ದು ಕಾಕಾನ ಅರ್ಧವೂ ಇಲ್ಲ, ಹಾಗಾಗಿ ಆರಾಮಾಗಿದ್ದರು. ಆದರೆ ಊಟ ಬಡಿಸೋದು ಸೇವೆ. ಅದರ ಮಿತಿ 40 ಅಲ್ಲ, 20 ಲಕ್ಷ. ಜಾತ್ರೆಯ ತಿಂಗಳು ಬಿಟ್ಟರೆ ಅವರ ವ್ಯಾಪಾರ ಲಕ್ಷ ಚಿಲ್ಲರೆ, ಜಾತ್ರೆಯಲ್ಲಿ ಎರಡು ದಾಟುತ್ತೆ. ಕೂಡಿಸಿದಾಗ 16 ಲಕ್ಷದ ಹತ್ತಿರ ಬಂತು. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡು, "ಹಂಗಾದ್ರ ತಿಂಗಳಾ ಹೇಳ್ಕೋತ ಇರಪಾ" ಅಂದರು.

ಆರು ಅಂಗಡಿಯ ಲೆಕ್ಕ ಒಬ್ಬನ ಹತ್ತಿರ ಇರೋದರಲ್ಲಿ ಇನ್ನೊಂದು ತೊಂದರೆ ಇದೆ, ಅದನ್ನು ಯಾವ ಫಾರ್ಮುಲಾವೂ ಬಿಡಿಸೋದಿಲ್ಲ. ಒಂದೇ ಹೆಸರು ಮೂರು ಉದ್ರಿ ಪಟ್ಟಿಯಲ್ಲಿ ಕಾಣುತ್ತೆ. ಕಿರಾಣಿಯಲ್ಲಿ ಆರು ಸಾವಿರ, ಟೇಲರ್ ಹತ್ತಿರ ಎಂಟುನೂರು, ಖಾನಾವಳಿಯಲ್ಲಿ ಎರಡು ಸಾವಿರ. ಮಗಳ ಮದುವೆ ಅಂತ ಆ ಮನುಷ್ಯ ಬಳೆ ಅಂಗಡಿಗೆ ಹೋಗಿ ಉದ್ರಿ ಕೇಳಿದಾಗ, ಬಳೆಗಾರರು ನನ್ನನ್ನು ನೋಡಿ, "ಅವ್ರು ಹೆಂಗ್ರಿ, ಕೊಡಬಹುದೇನ್ರಿ?" ಅಂದರು. ನಾನು ಬಾಯಿ ಬಿಡಲಿಲ್ಲ. ಶೀಟುಗಳನ್ನು ಬೇರೆ ಬೇರೆ ಫೈಲಿನಲ್ಲಿಟ್ಟಿದ್ದೇನೆ, ಒಂದರ ಲಿಂಕು ಇನ್ನೊಬ್ಬರಿಗೆ ಹೋಗದ ಹಾಗೆ. ತಲೆಯೊಳಗಿನ ಫೈಲು ಮಾತ್ರ ಒಂದೇ. ಊರಲ್ಲಿ ಎರಡನೇ ಕಿರಾಣಿ ಅಂಗಡಿಯವರು ಲೆಕ್ಕ ಬರೆದುಕೊಡು ಅಂತ ಬಂದಾಗ ಒಲ್ಲೆ ಅಂದದ್ದೂ ಇದಕ್ಕೇ. ಕಾಕಾಗೆ ಸಕ್ಕರೆ ಚೀಲ ಯಾವ ರೇಟಿಗೆ ಬೀಳುತ್ತೆ ಅಂತ ನನಗೆ ಗೊತ್ತು.

ಆಗಸ್ಟ್‌ನಿಂದ ಕಾಕಾ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ದಾರ ಕಟ್ಟಿ ತೂಗುಹಾಕಿದ್ದಾರೆ. ಕೈಗೆ ರೊಕ್ಕ ಕೊಟ್ಟಾಗೆಲ್ಲ "ಕೈ" ಅಂತ ಬರೆದು ಮೊತ್ತ ಹಾಕ್ತಾರೆ. ಮನೆಗೆ ಒಯ್ದದ್ದಕ್ಕೆ "ಮ". ಏಪ್ರಿಲ್‌ನಿಂದ ಕೂಡುತ್ತಾ ಬಂದ ಒಟ್ಟು ವ್ಯಾಪಾರ ಶೀಟಿನ ಮೇಲ್ಗಡೆ ಒಂದು ಸೆಲ್‌ನಲ್ಲಿದೆ. 36 ಲಕ್ಷ ದಾಟಿದರೆ ಹಳದಿಯಾಗೋ ಹಾಗೆ ಮಾಡಿದ್ದೇನೆ. ಪ್ರತಿ ತಿಂಗಳು ಅದರ ಫೋಟೋ ಕಳಿಸ್ತೀನಿ. ಬ್ಯಾಂಕಿನ ಮೊತ್ತ ಸುಮ್ಮನೆ ಉಬ್ಬೋದು ಬೇಡ ಅಂದರೆ ಕೈಬದಲಿ ನಿಲ್ಲಿಸಿಬಿಡಬಹುದು ಅಂತ ಒಮ್ಮೆ ಹೇಳಿದೆ. ಕಾಕಾ ಕನ್ನಡಕ ಮೇಲೇರಿಸಿ ನೋಡಿದರು. "ಪಿಂಚಣಿ ಮುದುಕ್ಯಾರು ಎಲ್ಲಿಗೆ ಹೋಗ್ತಾರ? ನೀ ಬರಕೋ, ನಾ ಕೊಡ್ತೀನಿ" ಅಂದರು.